ಎತ್ತಿನಹೊಳೆಯ ಮೇಲೊಂದು ಇಪ್ಪತ್ತು ಅಂಕದ ಪ್ರಶ್ನೆ: ರಸಿಕರಿಗೊಂದು ಕೈಪಿಡಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಯಾವುದೇ ಊರಿನ ಗ್ರಂಥಾಲಯಕ್ಕೆ ಹೋದರೂ ಕೆಎಎಸ್, ಐಎಎಸ್ ಪರೀಕ್ಷೆಗೆ ಓದುವ ನಾಲ್ಕಾರು ಹುಡುಗ ಹುಡುಗಿಯರು ಸಿಗುತ್ತಾರೆ. ಅವರು ಬರೆದ ಉತ್ತರಗಳನ್ನು ಓದಿ ನೋಡಲು ಅಣ್ಣನೋ ಮಾವನೋ ಪರಿಚಯದ ಮೇಷ್ಟರೋ ಬೇಕಾಗುತ್ತದೆ. ಈ ಬರಹ ಆ ಓದುಗರಿಗೆ. ಸೋತ ಸಾರ್ವಜನಿಕ ಯೋಜನೆಯೊಂದರ ಕಾರಣ ಮತ್ತು ಪಾಠಗಳನ್ನು ಕೇಳುವ ಪ್ರಕರಣ ಪ್ರಶ್ನೆಗೆ ಬಂದ ಉತ್ತರ ಎಲ್ಲಿ ರುಚಿಸುತ್ತದೆ, ಎಲ್ಲಿ ಸಪ್ಪೆಯಾಗುತ್ತದೆ ಎಂದು ಗುರುತಿಸುವುದು ಹೇಗೆ?

ಮೊದಲು ಅಳತೆ. ಕೇಂದ್ರ ಲೋಕಸೇವಾ ಆಯೋಗದ ನೀತಿಶಾಸ್ತ್ರ ಪತ್ರಿಕೆಯಲ್ಲಿ ಒಂದು ಪ್ರಕರಣಕ್ಕೆ 20 ಅಂಕ, ಸುಮಾರು 250 ಪದ. ಮೂರು ಗಂಟೆಯಲ್ಲಿ 250 ಅಂಕಕ್ಕೆ ಬರೆಯಬೇಕಾದ್ದರಿಂದ ಇಂಥ ಒಂದು ಉತ್ತರಕ್ಕೆ ಸಿಗುವುದು ಸುಮಾರು ಹದಿನಾಲ್ಕೂವರೆ ನಿಮಿಷ, ಅದರಲ್ಲೂ ಯೋಚನೆಗೆ ಎರಡು ಮೂರು ನಿಮಿಷ ಹೋಗುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಎಲ್ಲವನ್ನೂ ಹೇಳಲಾಗದು. ಹಾಗಾಗಿ ರಸಿಕ ನೋಡಬೇಕಾದದ್ದು ಬರೆದವರು ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನು.

ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತಿರುವ ಪ್ರಕರಣವನ್ನೇ ಎತ್ತಿಕೊಳ್ಳೋಣ. ಪ್ರಶ್ನೆ ಹೀಗಿದೆ ಎಂದಿಟ್ಟುಕೊಳ್ಳಿ: ‘ಬಯಲುಸೀಮೆಗೆ ಕುಡಿಯುವ ನೀರು ಕೊಡಲು ರೂಪಿಸಿದ ಎತ್ತಿನಹೊಳೆ ಯೋಜನೆ ಉದ್ದೇಶ ಈಡೇರಿಸಿಲ್ಲ. ಕಾರಣಗಳನ್ನು ವಿಶ್ಲೇಷಿಸಿ, ಪಾಠಗಳನ್ನು ತಿಳಿಸಿ.’

ಸಾಧಾರಣ ಉತ್ತರ ಹೇಗೆ ಶುರುವಾಗುತ್ತದೆಂದು ನೀವೇ ಊಹಿಸಬಹುದು. ನೀರು ಜೀವಜಲ ಎಂದು ಒಂದು ಸಾಲು. ಅದರ ಕೆಳಗೆ ರಾಜಕೀಯ ಇಚ್ಛಾಶಕ್ತಿಯ ಕೊರತೆ, ಭ್ರಷ್ಟಾಚಾರ, ಇಲಾಖೆಗಳ ನಡುವೆ ಸಮನ್ವಯದ ಕೊರತೆ, ಜನರ ಸಹಭಾಗಿತ್ವ ಇಲ್ಲದಿರುವುದು, ಅನುದಾನದ ವಿಳಂಬ. ಮದುವೆ ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಸಾಲಾಗಿ ಹೆಸರು ಹಾಕಿದ ಹಾಗೆ ಎಲ್ಲ ಕಾರಣಗಳೂ ಒಂದೇ ಅಳತೆಯಲ್ಲಿ ನಿಂತಿರುತ್ತವೆ. ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಉತ್ತರದಲ್ಲಿರುವ ‘ಎತ್ತಿನಹೊಳೆ’ಯನ್ನು ಹೊಡೆದುಹಾಕಿ ಯಾವುದೋ ಮೇಲ್ಸೇತುವೆಯ ಹೆಸರು ಬರೆಯಿರಿ. ಒಂದಕ್ಷರ ಬದಲಿಸದೆ ಉತ್ತರ ಹೊಂದಿಕೊಂಡರೆ, ಬರೆದವರು ಪ್ರಕರಣವನ್ನು ಮುಟ್ಟೇ ಇಲ್ಲ.

ಒಳ್ಳೆಯ ಉತ್ತರ ಭರವಸೆಯಿಂದ ಶುರುವಾಗುತ್ತದೆ. ಏನು ಕೊಡುತ್ತೇವೆಂದು ಹೇಳಿದ್ದರು, ಏನು ಬಂತು? ಅದನ್ನು ಹೇಳದೆ ‘ವಿಫಲ’ ಎಂದರೆ ಅದು ಬೈಗುಳವಾಗುತ್ತದೆಯೇ ಹೊರತು ತೀರ್ಮಾನವಾಗುವುದಿಲ್ಲ. ಎತ್ತಿನಹೊಳೆಯ ಮಟ್ಟಿಗೆ ಭರವಸೆ ಸ್ಪಷ್ಟವಾಗಿತ್ತು. ಸಕಲೇಶಪುರದ ಘಟ್ಟದಲ್ಲಿ ಎಂಟು ಅಡ್ಡಗಟ್ಟೆ ಕಟ್ಟಿ, ಮಳೆಗಾಲದಲ್ಲಿ ಪಶ್ಚಿಮಕ್ಕೆ ಹರಿಯುವ ನೀರನ್ನು ಮೇಲೆತ್ತಿ, ವರ್ಷಕ್ಕೆ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತರುವುದು. ಅದರಲ್ಲಿ 14.056 ಟಿಎಂಸಿ ಏಳು ಜಿಲ್ಲೆಗಳಿಗೆ ಕುಡಿಯಲು, 9.953 ಟಿಎಂಸಿ 527 ಕೆರೆ ತುಂಬಿಸಲು. 2012ರಲ್ಲಿ ಅಂದಾಜು ವೆಚ್ಚ 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯೇನೋ ಆಯಿತು. ಆದರೆ ಆಗ ಎತ್ತಿದ ನೀರನ್ನು ಹರಿಸಿದ್ದು ವಾಣಿವಿಲಾಸ ಸಾಗರದ ಕಡೆಗೆ. ಕೋಲಾರದತ್ತ ಬರಬೇಕಾದ ಕಾಲುವೆ ಇನ್ನೂ ಪೂರ್ತಿಯಾಗಿರಲಿಲ್ಲ.

ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಿದ ಅಭ್ಯರ್ಥಿ ಮುಂದೆ ಹೀಗೆ ಬರೆಯಬಹುದು: ‘ಕಾಮಗಾರಿ ಮುಗಿದಿಲ್ಲವಾದ್ದರಿಂದ ಯೋಜನೆ ಪೂರ್ತಿ ಸೋತಿದೆ ಎನ್ನಲಾಗದು. ಕಾಲ ಮತ್ತು ವೆಚ್ಚದಲ್ಲಿ ಸೋತಿದೆ. ಉದ್ದೇಶದಲ್ಲಿ ಸೋಲುವ ಅಪಾಯವಿದೆ.’ ಇಂಥ ಸಾಲು ಕಂಡಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ. ಪ್ರಶ್ನೆ ಕೇಳಿದವರ ಪದವನ್ನೂ ಕುರುಡಾಗಿ ಒಪ್ಪದೆ ಅಳೆದು ನೋಡುವ ಮನಸ್ಸು ಇಲ್ಲಿದೆ.

ಇನ್ನು ಕಾರಣಗಳು. ಉತ್ತರದ ಜೀವ ಇರುವುದು ಇಲ್ಲೇ, ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಇಲ್ಲೇ. ಹತ್ತು ಕಾರಣಗಳ ಪಟ್ಟಿಗಿಂತ ಒಂದರಿಂದ ಇನ್ನೊಂದು ಹುಟ್ಟುವ ಎರಡೇ ಕಾರಣ ಸಾಕು. ಎತ್ತಿನಹೊಳೆಯಲ್ಲಿ ಮೊದಲ ಪ್ರಶ್ನೆ, ಅಲ್ಲಿ ಅಷ್ಟು ನೀರಿದೆಯೇ ಎಂಬುದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಆ ಜಲಾನಯನದಲ್ಲಿ ವರ್ಷಕ್ಕೆ ಸಿಗುವುದು ಸುಮಾರು 9.55 ಟಿಎಂಸಿ. ಸರ್ಕಾರದ ಲೆಕ್ಕ 24.01. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ’ ಎಂದು ಮುಂದೆ ಹೋಗುವವರೇ ಹೆಚ್ಚು. ಜಾಣ ಅಭ್ಯರ್ಥಿ ಅಲ್ಲೇ ಅಂಚಿನಲ್ಲಿ ಒಂದು ಲೆಕ್ಕ ಮಾಡುತ್ತಾರೆ.

ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಹಾಗಾದರೆ 24 ಟಿಎಂಸಿ ಸುಮಾರು 68 ಕೋಟಿ ಘನ ಮೀಟರ್. ಅಡ್ಡಗಟ್ಟೆಗಳಿಗೆ ನೀರು ಕೊಡುವ ಪ್ರದೇಶ ಸುಮಾರು 180 ಚದರ ಕಿಲೋಮೀಟರ್, ಅಂದರೆ 18 ಕೋಟಿ ಚದರ ಮೀಟರ್. ಭಾಗಿಸಿದರೆ 3.8 ಮೀಟರ್ ಬರುತ್ತದೆ. ಆ ಕಾಡಿನ ಪ್ರತಿ ಅಡಿ ನೆಲದ ಮೇಲಿಂದಲೂ ವರ್ಷಕ್ಕೆ 3.8 ಮೀಟರ್ ಎತ್ತರದಷ್ಟು ನೀರು ಇಂಗದೆ, ಆವಿಯಾಗದೆ, ಕೆಳಗಿನವರಿಗೆ ಬಿಡದೆ ಕಾಲುವೆಗೆ ಬರಬೇಕು. ಘಟ್ಟದ ಆ ಭಾಗದಲ್ಲಿ ಬೀಳುವ ಮಳೆಯೇ ಸುಮಾರು ಮೂರರಿಂದ ಐದು ಮೀಟರ್. ವಿಜ್ಞಾನ ಸಂಸ್ಥೆಯ ಅಂಕಿಗೆ ಇದೇ ಭಾಗಾಕಾರ ಮಾಡಿದರೆ ಒಂದೂವರೆ ಮೀಟರ್ ಬರುತ್ತದೆ. ಯಾವುದು ನಂಬುವಂಥದ್ದು ಎಂದು ಓದುಗನಿಗೆ ತಾನಾಗಿಯೇ ಗೊತ್ತಾಗುತ್ತದೆ. ಹೀಗೆ ಲೆಕ್ಕದಿಂದ ಬಂದ ಒಂದು ಸಾಲು, ‘ವೈಜ್ಞಾನಿಕ ಅಧ್ಯಯನದ ಕೊರತೆ’ ಎಂಬ ಹತ್ತು ಸಾಲಿಗಿಂತ ತೂಕದ್ದು.

ಎರಡನೆಯ ಕಾರಣ ಶೇಖರಣೆ. ನೀರೆತ್ತುವ ಅವಧಿ ಜೂನ್ 15ರಿಂದ ಅಕ್ಟೋಬರ್ 31ರವರೆಗೆ, 139 ದಿನ. ಮುಳಬಾಗಿಲಿನ ಮನೆಗೆ ನೀರು ಬೇಕಾದದ್ದು ಏಪ್ರಿಲ್‌ನಲ್ಲಿ. ನಡುವಿನ ತಿಂಗಳುಗಳಿಗೆ ಒಂದು ಜಲಾಶಯ ಬೇಕೇ ಬೇಕು. ಅದಕ್ಕೆ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ 5.78 ಟಿಎಂಸಿ ಸಾಮರ್ಥ್ಯದ ಜಲಾಶಯ ಯೋಚಿಸಿದ್ದರು. ಮುಳುಗಡೆ ಭೂಮಿ ತುಮಕೂರು ಜಿಲ್ಲೆಯ ಕೊರಟಗೆರೆಗೂ ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರಕ್ಕೂ ಸೇರಿತ್ತು. ಬದುವಿನ ಆಚೆ ಒಂದು ದರ, ಈಚೆ ಇನ್ನೊಂದು ದರ ಎಂದಾಗ ಎರಡೂ ಕಡೆಗೆ ಸಮನಾದ ಪರಿಹಾರ ಬೇಕೆಂದು ರೈತರು ಪಟ್ಟು ಹಿಡಿದರು, ಕೆಲಸ ನಿಂತಿತು. ಇಲ್ಲಿ ರೈತರನ್ನು ‘ಅಡ್ಡಿ’ ಎಂದು ಬರೆದ ಉತ್ತರಕ್ಕೆ ನಾನಾದರೆ ಅಂಕ ಕಳೆಯುತ್ತೇನೆ. ಅಡ್ಡಿಯಾದದ್ದು ಕೆಲಸದ ಕ್ರಮ. ನೀರು ನಿಲ್ಲುವ ಜಾಗದ ಭೂಮಿ ಕೈಗೆ ಬರುವ ಮೊದಲೇ ನೀರು ಎತ್ತುವ ಕಡೆ ಸಾವಿರಾರು ಕೋಟಿ ಸುರಿದದ್ದು.

ಈ ಎರಡು ಕಾರಣಗಳ ನಡುವಿನ ನಂಟನ್ನು ಹೇಳಿದ ಉತ್ತರ ಮೇಲಿನ ದರ್ಜೆಯದು. ನೀರೇ ಕಡಿಮೆಯಾದರೆ ಮೇಲಿನ ಜಿಲ್ಲೆಗಳು ತಮ್ಮ ಪಾಲು ಪಡೆದ ಮೇಲೆ ಉಳಿಯುವುದು ಕಾಲುವೆಯ ಕೊನೆಗೆ. ಕೋಲಾರ ಇರುವುದು ಅಲ್ಲೇ. ಶೇಖರಣೆಯೂ ಇಲ್ಲವಾದರೆ ಆ ಉಳಿಕೆಯೂ ಮಳೆಗಾಲದಲ್ಲಷ್ಟೇ ಬರುತ್ತದೆ. ಯಾರ ಹೆಸರಿನಲ್ಲಿ ಯೋಜನೆ ಮಂಜೂರಾಯಿತೋ ಅವರ ಪಾಲೇ ಎಲ್ಲಕ್ಕಿಂತ ಅನಿಶ್ಚಿತ. ನೀತಿಶಾಸ್ತ್ರ ಪತ್ರಿಕೆಯಲ್ಲಿ ಕೇಳುವ ‘ನೈತಿಕ ಪ್ರಶ್ನೆ’ ಇದೇ. ಪ್ರತ್ಯೇಕ ಶೀರ್ಷಿಕೆ ಕೊಟ್ಟು ಪ್ರಾಮಾಣಿಕತೆ, ಹೊಣೆಗಾರಿಕೆ ಎಂದು ಗುಣಗಳ ಹೆಸರು ಬರೆಯುವ ಅಗತ್ಯವಿಲ್ಲ.

ಪರಿಸರದ ವಿಷಯ ಒಂದೆರಡು ಸಾಲಿಗೆ ಸಾಕು, ಆದರೆ ಮೊನಚಾಗಿರಬೇಕು. ಕುಡಿಯುವ ನೀರಿನ ಯೋಜನೆ ಎಂಬ ಕಾರಣಕ್ಕೆ ಇದಕ್ಕೆ 2006ರ ಅಧಿಸೂಚನೆಯ ಪ್ರಕಾರದ ಪರಿಸರ ಅನುಮತಿ ಬೇಕಾಗಲಿಲ್ಲ. ಆದರೆ ಐದರಲ್ಲಿ ಎರಡು ಪಾಲು ನೀರು ಕೆರೆಗಳಿಗೆ. ಆ ವಿರೋಧಾಭಾಸವನ್ನು ತೋರಿಸಿದರೆ ಸಾಕು. ಆನೆ, ಭೂಕುಸಿತ, ನೇತ್ರಾವತಿ ಎಂದು ಪುಟ ತುಂಬಿಸಿದರೆ ಪಾಠಗಳಿಗೆ ಜಾಗ ಉಳಿಯದು.

ಪಾಠಗಳನ್ನು ಓದುವಾಗ ಬೆರಳಿಟ್ಟು ಹಿಂದಕ್ಕೆ ಹೋಗಿ. ಪ್ರತಿ ಪಾಠಕ್ಕೂ ಮೇಲೊಂದು ಕಾರಣ ಸಿಗಬೇಕು. ಸಿಗದಿದ್ದರೆ ಅದು ಬಾಯಿಪಾಠ. ಇಲ್ಲಿ ಎರಡು ಕಾರಣಗಳಿಗೆ ಎರಡು ಪಾಠ. ಮಂಜೂರಾತಿಗೆ ಮುನ್ನ ಅಡ್ಡಗಟ್ಟೆಯ ಜಾಗದಲ್ಲೇ ಕೆಲವು ವರ್ಷ ಹರಿವನ್ನು ಅಳೆದು, ಆ ಅಂಕಿಗಳನ್ನು ಹೊರಗಿನ ತಜ್ಞರಿಂದ ಪರಿಶೀಲಿಸಿ ಪ್ರಕಟಿಸುವುದು. ಹಾಗೆಯೇ ಜಲಾಶಯದ ಭೂಮಿ, ಒಂದೇ ಮುಳುಗಡೆಗೆ ಒಂದೇ ದರ ತೀರ್ಮಾನವಾದ ಮೇಲಷ್ಟೇ ನೀರೆತ್ತುವ ಕಾಮಗಾರಿಗೆ ಹಣ ಬಿಡುವುದು. ಮೂರನೆಯದಾಗಿ ಒಂದು ಹೋಲಿಕೆ ಇದ್ದರೆ ಉತ್ತರಕ್ಕೆ ಮೆರುಗು ಬರುತ್ತದೆ. ಅದಕ್ಕೆ ದೂರ ಹೋಗಬೇಕಿಲ್ಲ, ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ ನಮ್ಮಲ್ಲೇ ಇದೆ. ಬೆಂಗಳೂರಿನ ಸಂಸ್ಕರಿಸಿದ ನೀರು ದಿನಕ್ಕೆ 44 ಕೋಟಿ ಲೀಟರ್ ಎಂದು ಯೋಜಿಸಿ, 2018ರಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ವರ್ಷಕ್ಕೆ ಲೆಕ್ಕ ಹಾಕಿದರೆ ಐದೂವರೆ ಟಿಎಂಸಿಗೂ ಸ್ವಲ್ಪ ಹೆಚ್ಚು, ಅದೂ ಬೇಸಿಗೆಯಲ್ಲೂ ನಿಲ್ಲದ ನೀರು. ಹಾಗೆಂದು ಅದನ್ನು ಹೊಗಳಿ ಬಿಟ್ಟರೆ ಉತ್ತರ ಕೆಟ್ಟಿತು. ಅದೇ ಕೆರೆಯಲ್ಲಿ ಅದೇ ವರ್ಷ ನೊರೆ ಎದ್ದಿತು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಇಂದಿಗೂ ಇದೆ. ಒಂದು ಯೋಜನೆ ನೀರಿನ ಪ್ರಮಾಣದಲ್ಲಿ ಎಡವಿತು, ಇನ್ನೊಂದು ಗುಣಮಟ್ಟದಲ್ಲಿ ಎಂದು ಹೇಳಿ ಅಭ್ಯರ್ಥಿ ಮುಂದೆ ಹೋಗಬಹುದು.

ಕೊನೆಯ ಸಾಲುಗಳಲ್ಲಿ ಅಭ್ಯರ್ಥಿ ಒಂದು ನಿಲುವು ತೆಗೆದುಕೊಂಡಿದ್ದಾರೆಯೇ ನೋಡಿ. ಇಷ್ಟು ಖರ್ಚಾದ ಮೇಲೆ ಯೋಜನೆ ಕೈಬಿಡಿ ಎನ್ನುವುದು ಸುಲಭ, ಮುಂದುವರಿಸಿ ಎನ್ನುವುದೂ ಸುಲಭ. ಎಷ್ಟು ನೀರು ನಿಜವಾಗಿ ಬರುತ್ತದೆಂದು ಮೊದಲ ಹಂತದಲ್ಲಿ ಅಳೆದು, ಅದಕ್ಕೆ ತಕ್ಕಂತೆ ಮುಂದಿನ ಕಾಲುವೆಯ ಗಾತ್ರವನ್ನೂ ಜಿಲ್ಲೆಗಳ ಪಾಲನ್ನೂ ಮರುನಿಗದಿ ಮಾಡಿ ಎನ್ನುವುದು ಕಷ್ಟದ ಮಾತು. ನಾನು ಅಂಕ ಕೊಡುವುದು ಅದಕ್ಕೆ.

ರೂಪದ ಬಗ್ಗೆ ಒಂದೇ ಮಾತು. ಉಪಶೀರ್ಷಿಕೆಗಳಿಗೆ ಅಡಿಗೆರೆ ಎಳೆಯಲಿ, ಚಿತ್ರವೂ ಬರೆಯಲಿ, ತೊಂದರೆಯಿಲ್ಲ. ಆದರೆ ಭರವಸೆ, ಕಾರಣ, ಪಾಠ, ನಿಲುವು ಈ ನಾಲ್ಕರಲ್ಲಿ ಅರ್ಧದಷ್ಟು ಜಾಗ ಕಾರಣಕ್ಕೇ ಹೋಗಿರಬೇಕು. ನಮ್ಮ ಹುಡುಗರ ಉತ್ತರಗಳಲ್ಲಿ ಸಾಮಾನ್ಯವಾಗಿ ಪೀಠಿಕೆಯೇ ಅರ್ಧ ಪುಟ ತಿಂದಿರುತ್ತದೆ.

ಇನ್ನು ಅಭ್ಯಾಸಕ್ಕೆ. 2012–13ರ ರೈಲ್ವೆ ಬಜೆಟ್ಟಿನಲ್ಲಿ, ರಾಜ್ಯ ಸರ್ಕಾರದ ಪಾಲುದಾರಿಕೆಯೊಂದಿಗೆ ಕೋಲಾರಕ್ಕೆ ರೈಲು ಬೋಗಿ ಕಾರ್ಖಾನೆ ಎಂದು ಘೋಷಿಸಿದ್ದರು. ಶ್ರೀನಿವಾಸಪುರದ ಹೆಸರೂ ಓಡಾಡಿತು, ಕಾರ್ಖಾನೆ ಮಾತ್ರ ಬರಲಿಲ್ಲ. ಇಲ್ಲಿ ಕೆಟ್ಟುನಿಂತ ಕಾಮಗಾರಿ ಇಲ್ಲ, ಶುರುವಾಗದ ಕಾಮಗಾರಿ ಇದೆ. ಹಾಗಾಗಿ ಎತ್ತಿನಹೊಳೆಯ ಉತ್ತರವನ್ನು ಇದಕ್ಕೆ ಅಂಟಿಸಲಾಗದು. ನಿಮ್ಮ ಮನೆಯ ಅಭ್ಯರ್ಥಿಗೆ ಈ ಪ್ರಶ್ನೆ ಕೊಟ್ಟು ಹದಿನಾಲ್ಕೂವರೆ ನಿಮಿಷ ಗಡಿಯಾರ ಇಡಿ. ಉತ್ತರ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು, ಯಾರು ಎಷ್ಟು ಹಣ, ಎಷ್ಟು ಜಾಗ ಕೊಡಬೇಕಿತ್ತು ಎಂಬ ಸಾಲನ್ನು.