‘ಗುಣ’ ಎಂಬ ಪದದ ಎರಡು ಅರ್ಥ: ಕ್ಷಯ ಚಿಕಿತ್ಸೆಯ ಸಮಾಲೋಚನಾ ಪಠ್ಯದ ಒಂದು ಓದು

ಕ್ಷಯರೋಗಿಗೆ ಮೊದಲ ದಿನ ಗುಳಿಗೆಯೊಡನೆ ಹೇಳಲಾಗುವ ಮಾತುಗಳೂ ಒಂದು ಪಠ್ಯವೇ. ಅದನ್ನು ಒಮ್ಮೆ ಮಾತ್ರ ಕೇಳಲಾಗುತ್ತದೆ; ಪುಟ ತಿರುವಿ ಮತ್ತೆ ನೋಡಲು ಬಾರದು. ಆದ್ದರಿಂದ ಅದರ ಬೆಲೆ ನಿರ್ಧಾರವಾಗುವುದು ಕೇಳುಗ ಮೂವತ್ತನೆಯ ದಿನ ಏನು ಮಾಡುತ್ತಾನೆ ಎಂಬುದರಿಂದ. ಅಕ್ಕಲಕೋಟೆಯ ಸೀಮೆಯಲ್ಲಿ ಆ ಕೇಳುಗ ಮನೆಯಲ್ಲಿ ಕನ್ನಡವನ್ನೂ ದವಾಖಾನೆಯಲ್ಲಿ ಮರಾಠಿಯನ್ನೂ ಬಳಸುವವನಾಗಿದ್ದರೆ, ಪಠ್ಯದ ಒಂದೊಂದು ಪದವೂ ಎರಡು ಭಾಷೆಗಳ ನೆರಳಿನಲ್ಲಿ ಅರ್ಥ ಪಡೆಯುತ್ತದೆ.

ಇಂಥ ಪಠ್ಯಗಳಲ್ಲಿ ಸಹಜವಾಗಿ ಬರುವ ಒಂದು ವಾಕ್ಯವನ್ನು ಗಮನಿಸೋಣ: ‘ಗುಣವಾಗುವವರೆಗೆ ಔಷಧ ಬಿಡಬೇಡಿ.’ ಶಿಷ್ಟ ಕನ್ನಡದಲ್ಲಿ ಇದು ನಿರ್ದುಷ್ಟ. ಆದರೆ ಮರಾಠಿಯಲ್ಲಿ ಔಷಧಕ್ಕೆ ‘ಗುಣ ಬಂತು’ ಎಂದರೆ ಅದು ನಾಟಲಾರಂಭಿಸಿತು ಎಂದರ್ಥ. ಗಡಿಯ ಕನ್ನಡಿಗನ ಕಿವಿಗೆ ಈ ಅರ್ಥವೂ ಪರಿಚಿತ. ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ಜ್ವರ ಇಳಿದು, ಕೆಮ್ಮು ತಗ್ಗಿ, ಹಸಿವು ಮರಳುತ್ತದೆ. ಗುಣ ಬಂದಿತು, ವಾಕ್ಯ ವಿಧಿಸಿದ ಗಡುವು ಮುಗಿಯಿತು. ಹೀಗೆ ಔಷಧ ಬಿಟ್ಟವನು ಪಠ್ಯವನ್ನು ಮೀರಿದವನಲ್ಲ, ತನಗೆ ತಿಳಿದಂತೆ ಪಾಲಿಸಿದವನು. ಆದರೆ ನಿಧಾನವಾಗಿ ಬೆಳೆಯುವ ರೋಗಾಣುಗಳು ಆಗಲೂ ಶ್ವಾಸಕೋಶದಲ್ಲಿ ಉಳಿದಿರುತ್ತವೆ. ರೋಗ ಮರುಕಳಿಸುವುದೂ ಔಷಧಕ್ಕೆ ಮಣಿಯದ ರೂಪ ತಾಳುವುದೂ ಸಾಧ್ಯ.

ಆದ್ದರಿಂದ ಗಡುವನ್ನು ದೇಹದ ಅನುಭವಕ್ಕಲ್ಲ, ಎಣಿಕೆಗೆ ಕಟ್ಟಬೇಕು. ಔಷಧಕ್ಕೆ ಮಣಿಯುವ ಕ್ಷಯಕ್ಕೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ದೈನಿಕ ಚಿಕಿತ್ಸೆಯಲ್ಲಿ ತಿಂಗಳಿಗೆ 28 ದಿನಗಳಂತೆ ಮೊದಲ ಎರಡು ತಿಂಗಳು 56 ದಿನ ನಾಲ್ಕು ಔಷಧಗಳು, ಅನಂತರ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು 112 ದಿನ. ಒಟ್ಟು 168. ‘ಅಕ್ಕಾ, ಗುಣಾ ಕಂಡ್ರೂ ಗುಳಿಗಿ ಬಿಡಬ್ಯಾಡ್ರಿ, ನೂರಾ ಅರವತ್ತೆಂಟು ದಿನಾ ಮುಗೀಬೇಕು’ ಎಂಬ ಮಾತು ಅದೇ ಪದವನ್ನು ಬಳಸಿಯೇ ಅದರ ಅಪಾಯವನ್ನು ಕಳೆಯುತ್ತದೆ. ಎರಡು ತಿಂಗಳ ಬಳಿಕ ಒಂದು ಔಷಧ ನಿಲ್ಲುವುದನ್ನೂ ಮೊದಲೇ ಹೇಳದಿದ್ದರೆ, ರೋಗವೇ ಮುಗಿಯಿತೆಂಬ ಓದಿಗೆ ಅದೂ ಸಾಕ್ಷ್ಯವಾಗುತ್ತದೆ.

ಎರಡನೆಯ ದೋಷ ‘ಅಡ್ಡಪರಿಣಾಮ’ಗಳ ಪಟ್ಟಿಯದು. ಕಿತ್ತಳೆ-ಕೆಂಪು ಮೂತ್ರ, ವಾಕರಿಕೆ, ಕಾಮಾಲೆ, ದೃಷ್ಟಿ ಮಂಜಾಗುವುದು ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ದನಿಯಲ್ಲಿ ಬರುತ್ತವೆ. ಕೇಳುಗನಿಗೆ ಬೇಕಾದದ್ದು ಹೆಸರುಗಳಲ್ಲ, ಮಾಡಬೇಕಾದ ಕೆಲಸ. ಮೂತ್ರದ ಬಣ್ಣ ರಿಫಾಂಪಿಸಿನ್‌ನದು, ನಿರಪಾಯ. ಹೇಳದಿದ್ದರೆ ಅದು ರಕ್ತವೆಂದೋ ಔಷಧದ ‘ಉಷ್ಣ’ವೆಂದೋ ಭಯ ಹುಟ್ಟುತ್ತದೆ. ವಾಕರಿಕೆ, ಕೀಲುನೋವು, ಕೈಕಾಲು ಜುಮುಗುಟ್ಟುವುದನ್ನು ತಿಳಿಸಬೇಕು, ಆದರೆ ಗುಳಿಗೆ ನಿಲ್ಲಿಸಬಾರದು. ಕಣ್ಣು ಹಳದಿಯಾದರೆ, ನಿಲ್ಲದ ವಾಂತಿಯಾದರೆ, ದೃಷ್ಟಿ ಮಬ್ಬಾದರೆ ಅಥವಾ ಬಣ್ಣಗಳ ಭೇದ ತಪ್ಪಿದರೆ ಗುಳಿಗೆ ನಿಲ್ಲಿಸಿ ಅಂದೇ ದವಾಖಾನೆಗೆ ಬರಬೇಕು. ಈ ಮೂರನೆಯ ವಾಕ್ಯವನ್ನು ‘ಬಿಡಬೇಡಿ’ ಎಂಬ ಏಕಮಾತ್ರ ಆಜ್ಞೆ ನುಂಗಿಬಿಡುತ್ತದೆ. ಕಾಮಾಲೆಯಲ್ಲೂ ಗುಳಿಗೆ ನುಂಗುವ ವಿಧೇಯತೆ ಯಕೃತ್ತಿಗೆ ಮಾರಕವಾಗಬಹುದು. ಆಜ್ಞೆ ಮತ್ತು ಅದರ ಅಪವಾದ ಒಂದೇ ಉಸಿರಿನಲ್ಲಿ ಬರಬೇಕು. ಗಡಿಯ ಊರಿನಲ್ಲಿ ‘ಕಾಮಣಿ’ ಎಂದರೆ ತಿಳಿಯುವಾಗ ‘ಯಕೃತ್ತಿನ ಉರಿಯೂತ’ ಎನ್ನುವುದು ವ್ಯರ್ಥ.

ಮೂರನೆಯದು ‘ಪಥ್ಯ’. ಎರಡೂ ಭಾಷೆಗಳಲ್ಲಿ ಈ ಪದ ಮೊದಲು ಸೂಚಿಸುವುದು ಬಿಡಬೇಕಾದುದನ್ನು. ಪೋಷಣೆಯ ಮಾತು ‘ಪಥ್ಯ ಮಾಡಿ’ ಎಂದು ಆರಂಭವಾದರೆ ತತ್ತಿ, ಮೊಸರು, ಎಣ್ಣೆ ತಟ್ಟೆಯಿಂದ ಹೊರಬೀಳುತ್ತವೆ. ಆದರೆ ಇಲ್ಲಿ ಬೇಕಾದದ್ದು ಕೂಡಿಸುವುದು. 42 ಕಿಲೋ ತೂಕದ ಕೂಲಿಕಾರ ಮಹಿಳೆಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ತೂಕದ ಲೆಕ್ಕದಲ್ಲಿ ಆಕೆಗೆ ದಿನಕ್ಕೆ ಮೂರು ಗುಳಿಗೆ. ಝಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಬಹಳ ಕಡಿಮೆಯಿತ್ತು. ಆಕೆಯ ಮಟ್ಟಿಗೆ ಅದು ಸುಮಾರು ಎರಡು ಕಿಲೋ. ‘ಪೌಷ್ಟಿಕ ಆಹಾರ ಸೇವಿಸಿ’ ಎನ್ನುವುದಕ್ಕಿಂತ, ‘ರೊಟ್ಟಿ ಜೊತಿಗೆ ಸೇಂಗಾ ಹಿಂಡಿ, ಬ್ಯಾಳಿ, ಆದ್ರ ದಿನಾ ಒಂದು ತತ್ತಿ, ಎರಡು ತಿಂಗಳಿಗೆ ಎರಡು ಕಿಲೋ ಏರಬೇಕು’ ಎಂಬುದು ಆಕೆ ತಾನೇ ಅಳೆದು ನೋಡಬಲ್ಲ ಮಾತು. 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಆಗಿರುವ ನಿಕ್ಷಯ್ ಪೋಷಣ್ ಯೋಜನೆಯ ಹಣ ಬ್ಯಾಂಕಿಗೆ ಬರುತ್ತದೆಂಬುದೂ ಇದೇ ವಾಕ್ಯದ ಬೆನ್ನಿಗೆ ಬರಬೇಕು. ಇಲ್ಲದಿದ್ದರೆ ತತ್ತಿಯ ಸಲಹೆ ಬಡತನದ ಮೇಲಿನ ಟೀಕೆಯಾಗಿ ಕೇಳಿಸುತ್ತದೆ.

ಈ ಪಠ್ಯಗಳ ಅನುವಾದದಲ್ಲಿ ನಾವು ಪದಕ್ಕೆ ಸಮಾನಪದವನ್ನು ಹುಡುಕುತ್ತ ಬಂದಿದ್ದೇವೆ. ಗುಣ, ಪಥ್ಯ ಎರಡೂ ಸಮಾನಪದಗಳೇ, ಮೋಸಹೋಗುವುದೂ ಅಲ್ಲೇ. ಅನುವಾದವನ್ನು ಒಪ್ಪುವ ಮುನ್ನ ಕೇಳುಗನಿಗೆ ಒಂದೇ ಪ್ರಶ್ನೆ ಹಾಕಬೇಕು: ‘ಗುಳಿಗಿ ಯಾವಾಗ ನಿಲ್ಲಸ್ತೀರಿ?’ ಎರಡು ಉತ್ತರಗಳು ಬರಬೇಕು: ಎಣಿಕೆ ಮುಗಿದಾಗ, ಕಣ್ಣು ಹಳದಿಯಾದಂಥ ಅಪಾಯ ಕಂಡಾಗ, ಅಂದೇ ದವಾಖಾನೆಗೆ ಹೋಗಿ. ‘ಗುಣಾ ಆದ ಮ್ಯಾಲೆ’ ಎಂಬ ಉತ್ತರ ಬಂದರೆ ತಿದ್ದಬೇಕಾದದ್ದು ಪಠ್ಯವನ್ನು.