ಅಕ್ಷರದ ಎಣಿಕೆಯೂ ಮಾತ್ರೆಯ ಎಣಿಕೆಯೂ

ಪಾಶ್ಚಾತ್ಯ ಧಾಟಿಗೆ ಅನುವಾದಿಸಿದ ಗೀತೆಗಳನ್ನು ಹಾಡುವಾಗ ನಮ್ಮ ಕನ್ನಡವೇ ನಮಗೆ ಪರಭಾಷೆಯಂತೆ ಕೇಳಿಸುವುದುಂಟು. ಇಂಥ ಕಡೆಗಳಲ್ಲಿ ಅನುವಾದಕರು ಸಾಲಿಗೆ ಎಂಟು, ಆರು ಎಂದು ಅಕ್ಷರಗಳನ್ನು ಎಣಿಸಿ ತೃಪ್ತರಾಗಿರುತ್ತಾರೆ. ಆದರೆ ಹಾಡುವ ಕನ್ನಡ ಪದ್ಯದ ನಡೆ ನಿಂತಿರುವುದು ಮಾತ್ರೆಯ ಮೇಲೆ.

ಜಾನ್ ನ್ಯೂಟನ್ನರ ‘ಅಮೇಜಿಂಗ್ ಗ್ರೇಸ್’ ಗೀತೆಗೆ 1835ರಲ್ಲಿ ವಿಲಿಯಂ ವಾಕರ್ ಜೋಡಿಸಿದ ‘ನ್ಯೂ ಬ್ರಿಟನ್’ ಧಾಟಿಯನ್ನು ತೆಗೆದುಕೊಳ್ಳೋಣ. ಇದರ ಆವರ್ತಕ್ಕೆ ಮೂರು ಮಾತ್ರೆ: ಎರಡು ಮಾತ್ರೆ ನಿಲ್ಲುವ ಬಲವಾದ ಸ್ವರ, ಬಳಿಕ ಒಂದು ಮಾತ್ರೆಯ ಹಗುರ ಸ್ವರ. ಸಾಲು ಮಾತ್ರ ಆವರ್ತಕ್ಕೆ ಮುಂಚೆಯೇ, ಹಗುರ ಸ್ವರದಲ್ಲಿ ಆರಂಭವಾಗುತ್ತದೆ. ಒತ್ತಿಲ್ಲದ ಅಕ್ಷರದಿಂದ ತೊಡಗುವ ಇಂಗ್ಲಿಷ್ ಸಾಲಿಗೆ ಇದು ಒಪ್ಪುತ್ತದೆ. ಕನ್ನಡದಲ್ಲಿ ಒತ್ತು ಮೃದುವಾದರೂ ಸಾಮಾನ್ಯವಾಗಿ ಪದದ ಮೊದಲಕ್ಷರದ ಮೇಲಿರುತ್ತದೆ.

ಪರೀಕ್ಷೆಗಾಗಿ ನಾನೇ ಹೆಣೆದ ಎಂಟಕ್ಷರದ ಸಾಲು: ‘ಕುರಿಮರಿ ನಮಗಾಗಿ’. ಧಾಟಿಗೆ ಕೂರಿಸಿದರೆ ಅದು ‘ಕುರೀ ಮರೀ ನಮಾ ಗಗೀ’ ಆಗುತ್ತದೆ. ಇದ್ದ ಒಂದೇ ದೀರ್ಘ ‘ಗಾ’ ಮೊಟಕಾಗಿ, ನಾಲ್ಕು ಹ್ರಸ್ವಗಳು ಹಿಗ್ಗಿದವು. ಮೊದಲಕ್ಷರವನ್ನು ಬಲವಾದ ಸ್ವರಕ್ಕೆ ಸರಿಸಿದರೆ ಸಾಲದೇ ಎನ್ನಬಹುದು. ಆಗ ಕೇಳಿಸುವುದು ‘ಕೂರಿ ಮಾರಿ’. ಕರ್ತನ ಭೋಜನದ ವೇಳೆ ಸಭೆಯು ಯಜ್ಞದ ಕುರಿಯನ್ನು ಸ್ತುತಿಸುವ ಬದಲು ಮಾರಿಬಿಟ್ಟಂತಾಯಿತು! ಹ್ರಸ್ವದೀರ್ಘಗಳು ಅರ್ಥವನ್ನೇ ಬದಲಿಸುವ ಭಾಷೆಯಲ್ಲಿ ಇದು ಕೇವಲ ಸಂಗೀತದ ದೋಷವಲ್ಲ.

ದಾರಿ ಎರಡುಂಟು. ಧಾಟಿಯ ನಡೆಯನ್ನೇ ಒಪ್ಪಿ, ಲಘು–ಗುರು ಕ್ರಮದ ಪದಗಳನ್ನು ಆಯುವುದು ಒಂದು: ‘ದಯಾಳು ದೇವ, ಬಂದು ಕಾಯ್’. ಇಲ್ಲಿ ‘ಯಾ’, ‘ದೇ’, ‘ಬಂ’, ‘ಕಾಯ್’ ನಾಲ್ಕೂ ನಿಲ್ಲುವ ಸ್ವರಗಳಲ್ಲೇ ಬೀಳುತ್ತವೆ. ಆದರೆ ಇಂಥ ಪದಗಳು ಬಹುಪಾಲು ಸಂಸ್ಕೃತದವು. ಇಡೀ ಗೀತೆಯನ್ನು ಹೀಗೆ ಹೆಣೆದರೆ ಭಾಷೆ ಬಿಗಿಯಾಗುತ್ತದೆ. ಎರಡನೆಯದು ನನಗೆ ಹೆಚ್ಚು ಹಿತ. ಆರಂಭದ ಹಗುರ ಸ್ವರವನ್ನು ಬಿಟ್ಟು, ಪ್ರತಿ ಆವರ್ತಕ್ಕೆ ಮೂರು ಮಾತ್ರೆಯ ಒಂದು ಗಣವನ್ನು ಇಡುವುದು: ‘ಕುರಿಯ ಮರಿಯ ರಕುತದಿಂದ’. ಅಕ್ಷರ ಹನ್ನೊಂದಾದರೂ ಮಾತ್ರೆ ಹನ್ನೆರಡೇ. ‘ಕುರಿ’ ಎಂಬ ಎರಡು ಲಘುಗಳು ನೀಳ ಸ್ವರವನ್ನು ಒಂದೊಂದು ಮಾತ್ರೆಯಾಗಿ ಹಂಚಿಕೊಳ್ಳುತ್ತವೆ. ಯಾವ ಹ್ರಸ್ವವೂ ಎಳೆಯಬೇಕಿಲ್ಲ. ಕೊನೆಯ ‘ದ’ ಮುಂದಿನ ಸಾಲಿನ ಆರಂಭದ ಹಗುರ ಸ್ವರಕ್ಕೆ ಹೋಗುತ್ತದೆ.

ಒಂದು ಎಚ್ಚರ. ಛಂದಸ್ಸಿನ ಗುರುಗಳೆಲ್ಲ ಗಾಯನದಲ್ಲಿ ಸಮಾನವಲ್ಲ. ‘ತಂದೆ’ಯ ಮೊದಲಕ್ಷರವನ್ನು ಅನುನಾಸಿಕದ ಮೇಲೆ ನಿಲ್ಲಿಸಬಹುದು. ‘ಅಪ್ಪ’ದಲ್ಲಿ ತುಟಿ ಮುಚ್ಚಿ ನಾದವೇ ನಿಲ್ಲುತ್ತದೆ, ಎಳೆದರೆ ‘ಆಪ್ಪ’ ಆಗುತ್ತದೆ. ಆದುದರಿಂದ ಧಾಟಿಯ ಎರಡನೆಯ ಸಾಲಿನ ಕೊನೆಯಲ್ಲಿ ಐದು ಮಾತ್ರೆ ನಿಲ್ಲುವ ಸ್ವರಕ್ಕೆ ಒತ್ತಕ್ಷರದಿಂದಾದ ಗುರುವನ್ನು ಕೊಡದೆ, ‘ನೀ’, ‘ಬಾ’ಗಳಂಥ ನಿಜವಾದ ದೀರ್ಘವನ್ನೇ ಕೊಡಬೇಕು.