ಹೊಲಿಗೆ ತಿನ್ನುವ ಅಂಚು

ಬೆಂಗಳೂರು ಹೆದ್ದಾರಿಯ ಮೇಲಿರುವ ಶಂಶಾಬಾದಿನಲ್ಲಿ, ಸುತ್ತಲಿನ ಇಂಜಿನಿಯರಿಂಗ್ ಕಾಲೇಜುಗಳ ವರ್ಷ ಮುಗಿಯುತ್ತ ಬಂತೆಂದರೆ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಾಜೆಕ್ಟ್ ರಿಪೋರ್ಟುಗಳ ರಾಶಿ ಬೀಳುತ್ತದೆ. ಬೀದರ್, ರಾಯಚೂರಿನಿಂದ ಓದಲು ಬಂದ ನಮ್ಮ ಮಕ್ಕಳ ರಿಪೋರ್ಟುಗಳೂ ಅದರಲ್ಲಿರುತ್ತವೆ. ಎರಡೂ ಬದಿ ಮುದ್ರಿಸಿ ಹೊಲಿಸಿದ ಒಂದು ರಿಪೋರ್ಟನ್ನು ಕೈಗೆತ್ತಿಕೊಳ್ಳಿ. ಬಲಪುಟದಲ್ಲಿ ಅಕ್ಷರ ಸೊಗಸಾಗಿ ಕೂತಿರುತ್ತದೆ. ಹಾಳೆ ಮಗುಚಿ ಎಡಪುಟಕ್ಕೆ ಬಂದರೆ ಎಷ್ಟೋ ಸಲ ಸಾಲಿನ ಕೊನೆಯ ಪದ ಬೆನ್ನಿನ ಸಂದಿಗೆ ಇಳಿದುಹೋಗಿರುತ್ತದೆ. ಅದನ್ನು ಓದಲು ಪುಸ್ತಕವನ್ನು ಎರಡೂ ಕೈಯಿಂದ ಅದುಮಬೇಕು.

ಇದು ಬೈಂಡರನ ತಪ್ಪಲ್ಲ. ಎಡಕ್ಕೆ ಒಂದೂವರೆ ಇಂಚು, ಉಳಿದ ಮೂರು ಕಡೆ ಒಂದೊಂದು ಇಂಚು ಎಂಬ ಸೂಚನೆಯನ್ನು ನಮ್ಮ ಅನೇಕ ವಿಶ್ವವಿದ್ಯಾಲಯಗಳು ಕೊಡುತ್ತವೆ. ಹಾಳೆಯ ಒಂದೇ ಬದಿಗೆ ಮುದ್ರಿಸುವುದಾದರೆ ಈ ಲೆಕ್ಕ ಸರಿ. ಎರಡೂ ಬದಿಗೆ ಮುದ್ರಿಸಿದಾಗ ಹಿಂಬದಿಯ ಪುಟದ ಬೆನ್ನು ಬಲಕ್ಕೆ ಬರುತ್ತದೆ. ಅಗಲವಾದ ಅಂಚು ಹೊರಗೆ, ಕಿರಿದಾದ ಅಂಚು ಹೊಲಿಗೆಯ ಕಡೆಗೆ.

ಲೆಕ್ಕ ಹಾಕಿ ನೋಡೋಣ. 200 ಪುಟದ ಪ್ರಬಂಧ ಅಂದರೆ 100 ಹಾಳೆ, ಸಾಧಾರಣ ಕಾಗದದಲ್ಲಿ ಸುಮಾರು 10 ಮಿಲಿಮೀಟರ್ ದಪ್ಪ. ಹಾರ್ಡ್ ಬೈಂಡಿಂಗಿನಲ್ಲಿ ಬಿಡಿ ಹಾಳೆಗಳನ್ನು ಒಟ್ಟಿ, ಬೆನ್ನಿನ ಅಂಚಿನಿಂದ 8–10 ಮಿಲಿಮೀಟರ್ ಒಳಗೆ ರಂಧ್ರ ಕೊರೆದು, ಮೇಲಿಂದ ಕೆಳಗೆ ದಾರ ಹಾಯಿಸಿ ಹೊಲಿಯುತ್ತಾರೆ. ಆಮೇಲೆ ರಟ್ಟು, ರೆಕ್ಸಿನ್, ಬಂಗಾರದ ಅಕ್ಷರ. ಗಟ್ಟಿತನದಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಹೊಲಿಗೆಯ ಆಚೆಗಿನ ಕಾಗದ ಮತ್ತೆಂದೂ ತೆರೆಯುವುದಿಲ್ಲ. ಹೊಲಿಗೆಯಿಂದ ಈಚೆಗೂ ಸುಮಾರು 10 ಮಿಲಿಮೀಟರ್ ಹಾಳೆ ಬಾಗಿ ನಿಲ್ಲುತ್ತದೆ, ಕಣ್ಣಿಗೆ ನೇರ ಸಿಗುವುದಿಲ್ಲ. ಒಂದೂವರೆ ಇಂಚೆಂದರೆ 38 ಮಿಲಿಮೀಟರ್. ಅದರಲ್ಲಿ 20 ಕಳೆದರೂ 18 ಉಳಿಯುತ್ತದೆ. ಹಿಂಬದಿಯ ಪುಟಕ್ಕಾದರೋ 25ರಲ್ಲಿ 20 ಹೋಗಿ ಉಳಿಯುವುದು 5. ಪದ ಸಂದಿಗಿಳಿಯುವುದು ಇದರಿಂದಲೇ.

ಪರಿಹಾರ ಫೈಲಿನಲ್ಲಿದೆ. ವರ್ಡ್‌ನ Page Setup ತೆರೆದು Multiple pages ಎಂಬಲ್ಲಿ Mirror margins ಆರಿಸಿದರೆ Left, Right ಎಂದಿದ್ದದ್ದು Inside, Outside ಆಗುತ್ತದೆ. Inside 38 mm, Outside 25 mm ಎಂದು ಕೊಡಿ. ಕೆಳಗಿರುವ Gutter ಸೊನ್ನೆಯಲ್ಲೇ ಇರಲಿ. ಅಲ್ಲಿ ಕೊಟ್ಟ ಅಳತೆ Inside ಜೊತೆಗೆ ಮತ್ತೆ ಕೂಡಿಕೊಳ್ಳುತ್ತದೆ. ಈ ಬದಲಾವಣೆಯನ್ನು ಬರವಣಿಗೆಯ ಆರಂಭದಲ್ಲೇ ಮಾಡಿಬಿಡಿ. ಕೊನೆಯಲ್ಲಿ ಸಾಲಿನ ಅಗಲ ಬದಲಾದರೆ ಕೋಷ್ಟಕ, ಚಿತ್ರ, ಪರಿವಿಡಿಯ ಪುಟಸಂಖ್ಯೆ ಎಲ್ಲವೂ ಜರುಗುತ್ತವೆ.

ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ದಾರವಿಲ್ಲ. ಬೆನ್ನನ್ನು 2–3 ಮಿಲಿಮೀಟರ್ ಉಜ್ಜಿ ತೆಗೆದು ಒರಟು ಮಾಡಿ, ಬಿಸಿ ಅಂಟು ಬಳಿದು ಹೊದಿಕೆ ಒತ್ತುತ್ತಾರೆ. ಇದಕ್ಕೆ ಎ4ನಲ್ಲಿ 25, ಎ5ನಲ್ಲಿ 20 ಮಿಲಿಮೀಟರ್ ಒಳ ಅಂಚು ನನ್ನ ಪ್ರಕಾರ ಕನಿಷ್ಠ; ಪುಸ್ತಕ ದಪ್ಪವಾದಷ್ಟೂ ಹೆಚ್ಚಿಸಿ. ನೋಡಲು ಅಂಗಡಿಯ ಪುಸ್ತಕದಂತೆಯೇ ಇರುತ್ತದೆ, ನಿಜ. ಆದರೆ ಸಾಮಾನ್ಯ ಬಿಸಿ ಅಂಟು ಹೆಚ್ಚು ಕಾವಿಗೆ ಮೆದುವಾಗುತ್ತದೆ, ಹಳತಾದಂತೆ ಪೆಡಸಾಗಿ ಬಿರಿಯುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಇಂಥ ಪ್ರತಿಯನ್ನು ಬಿಡಬೇಡಿ. ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಉಳಿಯಬೇಕಾದ ಪ್ರಬಂಧಕ್ಕೆ ನಾನು ಇದನ್ನು ಹೇಳುವುದಿಲ್ಲ.

ಸ್ಪೈರಲ್‌ಗೆ 20 ಮಿಲಿಮೀಟರ್ ಸಾಕು. ರಂಧ್ರಗಳ ಸಾಲು ಅಂಚಿನಿಂದ 8–10 ಮಿಲಿಮೀಟರಿನೊಳಗೆ ಮುಗಿಯುತ್ತದೆ, ಹಾಳೆ ಪೂರ್ತಿ ಚಪ್ಪಟೆಯಾಗಿ ತೆರೆಯುತ್ತದೆ. ಮಾರ್ಗದರ್ಶಕರು ತಿದ್ದಲು ಕೇಳುವ ಕರಡಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಸಂಘದ ಕಾರ್ಯಕ್ರಮಕ್ಕೆ 48 ಪುಟದ ಕಿರುಹೊತ್ತಿಗೆ ಬೇಕಾದರೆ ಸೆಂಟರ್ ಪಿನ್ ಹಾಕಿಸಿ. 12 ಎ4 ಹಾಳೆ ಮಡಚಿದರೆ ಹೊತ್ತಿಗೆ ಸಿದ್ಧ. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಅಷ್ಟೇ. ಪಿನ್ ಮಡಿಕೆಯಲ್ಲೇ ಬೀಳುವುದರಿಂದ 12–15 ಮಿಲಿಮೀಟರ್ ಒಳ ಅಂಚು ಸಾಕು. ಒಳಗಿನ ಹಾಳೆಗಳು ಹೊರಗಿನವಕ್ಕಿಂತ ಮಿಲಿಮೀಟರಿನಷ್ಟು ಮುಂದೆ ಚಾಚುತ್ತವೆ, ಬೈಂಡರ್ ಅದನ್ನು ಕತ್ತರಿಸುತ್ತಾನೆ. ಹಾಗಾಗಿ ನಡುವಿನ ಪುಟಗಳಲ್ಲಿ ಪುಟಸಂಖ್ಯೆಯನ್ನು ಹೊರ ಅಂಚಿಗೆ ಅಂಟಿಸಿದಂತೆ ಇಡಬೇಡಿ.

ಅಂತಿಮ ಪ್ರತಿ ಮುದ್ರಿಸುವ ಮುನ್ನ ಬೈಂಡರನ್ನು ಒಂದು ಮಾತು ಕೇಳಿ: “ಹೊಲಿಗೆ ಅಂಚಿನಿಂದ ಎಷ್ಟು ಒಳಗೆ ಬೀಳುತ್ತೆ?” ಅವರು ಹೇಳಿದ ಅಳತೆಗೆ, ನಿಮ್ಮ ಪ್ರತಿಯಲ್ಲಿರುವಷ್ಟೇ ಹಾಳೆಗಳನ್ನು ಕ್ಲಿಪ್ ಹಾಕಿ ಬಿಗಿದು, ನಡುವೆ ಮುದ್ರಿತ ಹಾಳೆಯೊಂದನ್ನು ಸೇರಿಸಿ, ತೆರೆದು, ಎರಡೂ ಬದಿಯನ್ನು ಅಳೆಯಿರಿ. ಅಕ್ಷರಕ್ಕೂ ಬಾಗಿದ ಕಾಗದಕ್ಕೂ ನಡುವೆ 15 ಮಿಲಿಮೀಟರಾದರೂ ಬಿಳಿ ಕಾಣದಿದ್ದರೆ ಫೈಲನ್ನು ತಿದ್ದಿಯೇ ಮುದ್ರಣಕ್ಕೆ ಕೊಡಿ.